ಮೂರನೆಯ ಪದ

ಗಂಟು ಜಾರಿತು. ಅಪ್ಪಯ್ಯಣ್ಣ ಬಿಳಿ ಬಟ್ಟೆಯನ್ನು ಮತ್ತೆ ರಾಮಲಿಂಗಯ್ಯನ ಗದ್ದದ ಕೆಳಗಿನಿಂದ ತಂದು, ಎರಡೂ ಕಿವಿಗಳ ಮೇಲೆ ಎಳೆದು, ನೆತ್ತಿಯ ಮೇಲೆ ಕಟ್ಟಿದ.

"ಇನ್ನೊಂಚೂರು ಬಿಗೀರಿ. ಬಾಯಿ ಇನ್ನೂ ತೆರೆದೇ ಇದೆ," ಎಂದರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ವೇಣುಗೋಪಾಲ ಮೇಷ್ಟ್ರು.

"ಜಾಸ್ತಿ ಬಿಗಿದ್ರೆ ನೋವಾಗಲ್ವಾ ಮೇಷ್ಟ್ರೇ?"

ಕೇಳಿದ ಮೇಲೆ ಅಪ್ಪಯ್ಯಣ್ಣನಿಗೇ ನಾಚಿಕೆಯಾಯಿತು. ಹೆಣಕ್ಕೆ ನೋವಾಗದು ಎಂದು ಎಪ್ಪತ್ತೊಂದು ವರ್ಷದವನಿಗೆ ಯಾರು ತಾನೇ ಹೇಳಬೇಕು. ಆದರೆ ಅಪ್ಪಯ್ಯಣ್ಣನಿಗೆ ಈ ಪಟ್ಟಿಯ ಪರಿಚಯವಿತ್ತು. ಉಸಿರಿನ ಮಿಷನ್ನು ಹಾಕಿಕೊಂಡು ಮಲಗುವಾಗ ಬಾಯಿಯಿಂದ ಗಾಳಿ ಸೋರದಿರಲೆಂದು ಅವನೂ ದಿನಾ ಗದ್ದಕ್ಕೆ ಇಂಥದೇ ಒಂದು ಪಟ್ಟಿ ಕಟ್ಟಿಕೊಳ್ಳುತ್ತಿದ್ದ. ಪಾರ್ಕಿನ ಬೆಂಚಿನ ಮೇಲೆ ಕೂತು ಅದನ್ನು ವಿವರಿಸಿದ ದಿನ ಇದೇ ರಾಮಲಿಂಗಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಅಂದ್ರೆ ಹೆಣಕ್ ಕಟ್ಟೋದನ್ನ ಈಗ್ಲೇ ಕಟ್ಕೊಂಡು ಪ್ರಾಕ್ಟೀಸ್ ಮಾಡ್ತಿದೀಯ ಅನ್ನು!"

ಗಂಟು ಈ ಸಲ ನಿಂತಿತು. ಬಾಯಿ ಮುಚ್ಚಿಕೊಂಡಿತು.

ದೊಡ್ಡಬಳ್ಳಾಪುರದ ಆ ನೇಕಾರರ ಬೀದಿಯಲ್ಲಿ ಅವತ್ತು ಒಂದೂ ಮಗ್ಗ ಓಡುತ್ತಿರಲಿಲ್ಲ. ಸಾವಿನ ಮನೆಯ ನಾಲ್ಕು ಪವರ್‌ಲೂಮುಗಳ ಸ್ವಿಚ್ಚು ಆರಿಸಿದ ಕೂಡಲೇ ಅಕ್ಕಪಕ್ಕದವರೂ ಆರಿಸಿದ್ದರು. ಆದರೆ ಆ ಬೀದಿಯ ಜನಕ್ಕೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಮಗ್ಗದ ಸದ್ದಿನ ಮೇಲೆ ಕೂಗಿಯೇ ಮಾತು ಕಲಿತವರು. ಹಾಗಾಗಿ ಬಂದವರೆಲ್ಲ ಆ ನಿಶ್ಶಬ್ದದಲ್ಲಿ ಕಿರುಚಿ ಸಮಾಧಾನ ಹೇಳುತ್ತಿದ್ದರು. "ಮಣ್ಣು ಎಷ್ಟೊತ್ತಿಗೆ?" ಎಂದು ಯಾರೋ ಕೇಳಿದ್ದು ಮೂರು ಮನೆ ಆಚೆಗೂ ಕೇಳಿಸಿತು. ಹೊಸಕೋಟೆಯಿಂದ ಮಗಳು ಮೇಘನ ಬರಬೇಕು, ಬಂದ ಮೇಲೆ ಎತ್ತುವುದು ಎಂದು ಇನ್ಯಾರೋ ಅಷ್ಟೇ ಜೋರಾಗಿ ಹೇಳಿದರು.

ಮಗ ರಾಜೇಂದ್ರ ಒಳಗಿನಿಂದ ಒಂದು ರಟ್ಟಿನ ಡಬ್ಬ ಹಿಡಿದು ಬಂದ. ಭಾನುವಾರ ಬೆಳಗ್ಗೆ ಅಪ್ಪ ಬಚ್ಚಲಲ್ಲಿ ಬಿದ್ದಾಗಿನಿಂದ, ಆಸ್ಪತ್ರೆಯಲ್ಲಿ ಎರಡು ದಿನ ಕಾದು, ಇವತ್ತು ಬೆಳಗ್ಗೆ ಹೆಣದ ಜೊತೆ ವಾಪಸು ಬರುವ ತನಕ ಅವನು ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ.

"ಅಪ್ಪಯ್ಯಣ್ಣ ಮಾಮ, ಒಂದ್ನಿಮಿಷ ಇಲ್ನೋಡಿ."

ಡಬ್ಬದ ತುಂಬ ಹಳೆಯ ಜಕಾರ್ಡ್ ಕಾರ್ಡುಗಳಿದ್ದವು. ಸೀರೆಯ ಅಂಚಿನ ಚಿತ್ತಾರವನ್ನು ಮಗ್ಗಕ್ಕೆ ಹೇಳಿಕೊಡುವ, ತೂತು ಹೊಡೆದ ಉದ್ದುದ್ದ ರಟ್ಟುಗಳು. ರಾಮಲಿಂಗಯ್ಯ ನಲವತ್ತು ವರ್ಷ ಆ ತೂತು ಹೊಡೆಯುವ ಕೆಲಸ ಮಾಡಿದ್ದ. ರಾಜೇಂದ್ರ ಅವುಗಳನ್ನು ಸರಿಸಿದ. ಅಡಿಯಲ್ಲಿ ಬಿ.ಪಿ. ಮಾತ್ರೆಯ ಪಟ್ಟಿಗಳು. ಏಳೋ ಎಂಟೋ. ಕೆಲವದರಲ್ಲಿ ಒಂದೆರಡು ಮಾತ್ರೆ ಮಾತ್ರ ತೆಗೆದಿತ್ತು, ಉಳಿದವು ಹಾಗೇ ಇದ್ದವು.

"ತಿಂಗ್ಳು ತಿಂಗ್ಳು ನಾನೇ ತಂದು ಕೈಗೆ ಕೊಡ್ತಿದ್ದೆ. ಅಮ್ಮ ದಿನಾ ಕೇಳ್ತಿದ್ಲು, ಮಾತ್ರೆ ಆಯ್ತಾ ಅಂತ. ಆಯ್ತು ಅಂತ ತಲೆ ಆಡಿಸ್ತಿದ್ರು. ತಲೇಲಿ ರಕ್ತನಾಳ ಒಡೆದಿದೆ, ಬಿ.ಪಿ. ಹತೋಟೀಲಿ ಇರ್ಲೇ ಇಲ್ಲ ಅಂದ್ರು ಡಾಕ್ಟ್ರು. ಮರೆವು ಏನಾದ್ರೂ ಇತ್ತಾ ಅಂದ್ರು. ಇಲ್ಲ ಸಾರ್ ಅಂದ್ಬಿಟ್ಟೆ." ರಾಜೇಂದ್ರ ಒಂದು ಮಾತ್ರೆಯ ಪಟ್ಟಿಯನ್ನು ಮೇಲೆತ್ತಿ ಮತ್ತೆ ಡಬ್ಬಕ್ಕೆ ಹಾಕಿದ. "ಈ ಮನೇಲಿ ಮಗ್ಗ ಓಡ್ತಿದ್ರೆ ಯಾರು ಏನು ಎರಡು ಸಲ ಕೇಳಿದ್ರೂ ಸದ್ದಿಗೆ ಕೇಳಿಸಿಲ್ಲ ಅಂತಾನೇ ಅಂದ್ಕೋತೀವಿ. ನೀವು ದಿನಾ ಸಂಜೆ ಪಾರ್ಕಲ್ಲಿ ಜೊತೆಗಿರ್ತಿದ್ರಿ. ಅಲ್ಲಿ ಸದ್ದಿಲ್ಲ. ನಿಮ್ಗೇನಾದ್ರೂ ಗೊತ್ತಾಗಿತ್ತಾ ಮಾಮ?"

ಅಪ್ಪಯ್ಯಣ್ಣ ಮಾತ್ರೆಗಳನ್ನೇ ನೋಡುತ್ತಿದ್ದ. ಒಂಬತ್ತು ತಿಂಗಳಿಂದ ನಾಲಿಗೆಗೆ ಅಭ್ಯಾಸವಾಗಿದ್ದ ಮಾತು ತಾನಾಗಿ ಹೊರಗೆ ಬಂತು.

"ನೆನಪಿಲ್ಲ ಕಣಪ್ಪ."

"ಅವರನ್ನ ಕೇಳ್ತೀಯಲ್ಲ ರಾಜೇಂದ್ರ," ಮೇಷ್ಟ್ರು ನಡುವೆ ಬಂದರು. "ನಮ್ಮ ಬೆಂಚಲ್ಲಿ ಮರೆಗುಳಿಗಳಿಗೆಲ್ಲ ಇವರೇ ಹೆಡ್‌ಮಾಸ್ಟ್ರು. ಹೋದ ತಿಂಗ್ಳು ನನ್ನ ಹೆಸರೇ ಮರೆತಿದ್ರು. ಇವರ ಮುಂದೆ ನಿಮ್ಮಪ್ಪ ಎಷ್ಟೋ ವಾಸಿ ಅನ್ನೋ ಹಾಗಿತ್ತು."

ರಾಜೇಂದ್ರ ತಲೆಯಾಡಿಸಿ ಡಬ್ಬ ಮುಚ್ಚಿಕೊಂಡು ಒಳಗೆ ಹೋದ. ಗೆಳೆಯನಿಗೋಸ್ಕರ ಹೊಲಿಸಿದ ಸುಳ್ಳನ್ನು ಈಗ ತನಗೋಸ್ಕರ ತೊಟ್ಟುಕೊಂಡಿದ್ದೇನೆ ಎಂದು ಅಪ್ಪಯ್ಯಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲವೂ ನೆನಪಿತ್ತು. ಬೇಡವೆಂದರೂ ನೆನಪಿತ್ತು.

*

ಎರಡು ವರ್ಷದ ಹಿಂದೆ ಬೆಂಚಿನ ಮೇಲೆ ನಗೆಪಾಟಲಿಗೆ ಗುರಿಯಾಗುತ್ತಿದ್ದವನು ಅಪ್ಪಯ್ಯಣ್ಣನೇ. ಕರೆಂಟು ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿ ನಿವೃತ್ತನಾದವನು, ಕುತ್ತಿಗೆ ದಪ್ಪ, ಹೊಟ್ಟೆ ಮುಂದೆ. ಪಾರ್ಕಿನ ಹೊಂಗೆ ಮರದ ಕೆಳಗಿನ ಸಿಮೆಂಟು ಬೆಂಚಿನಲ್ಲಿ ಕೂತ ಹತ್ತು ನಿಮಿಷಕ್ಕೆ ಅವನ ತಲೆ ಹಿಂದಕ್ಕೆ ವಾಲುತ್ತಿತ್ತು, ಬಾಯಿ ತೆರೆಯುತ್ತಿತ್ತು, ಗೊರಕೆ ಶುರುವಾಗುತ್ತಿತ್ತು. ವಾಕಿಂಗು ಮಾಡುವ ಹೆಂಗಸರು ಆ ಮೂಲೆ ಬಂದಾಗ ಸೆರಗಲ್ಲಿ ನಗು ಮುಚ್ಚಿಕೊಂಡು ದಾಟುತ್ತಿದ್ದರು.

ಗೊರಕೆ ಏರುತ್ತಾ ಏರುತ್ತಾ ಹೋಗಿ ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು. ಪೂರಾ ಸದ್ದಿಲ್ಲ. ಆಮೇಲೆ ಒಂದು ದೊಡ್ಡ 'ಹಕ್' ಬಂದು, ಮೈ ಅದುರಿ, ಮತ್ತೆ ಮೊದಲಿನಿಂದ.

"ನೋಡಿ, ಲೈನ್‌ಮ್ಯಾನ್ ಗೊರಕೇಲೂ ಲೋಡ್‌ಶೆಡ್ಡಿಂಗು," ಎನ್ನುತ್ತಿದ್ದರು ಮೇಷ್ಟ್ರು. ಗಣಿತದ ಮೇಷ್ಟ್ರಾದ್ದರಿಂದ ಕೈಗಡಿಯಾರ ನೋಡಿ ಲೆಕ್ಕ ಹಾಕುತ್ತಿದ್ದರು. "ಇವತ್ತು ಇಪ್ಪತ್ತೆರಡು ಸೆಕೆಂಡು ಪವರ್‌ಕಟ್. ನಿನ್ನೆ ಹತ್ತೊಂಬತ್ತೇ ಇತ್ತು."

ರಾಮಲಿಂಗಯ್ಯನೂ ಮೊದಮೊದಲು ನಕ್ಕ. ಆಮೇಲೆ ನಗುವುದನ್ನು ಬಿಟ್ಟು ನೋಡತೊಡಗಿದ. ಅವನದು ಮಗ್ಗದ ಮನೆಯ ಕಿವಿ. ಆ ಮನೆಯವರು ನಾಲ್ಕು ಮಗ್ಗ ಓಡುವಾಗ ಹಾಯಾಗಿ ನಿದ್ದೆ ಮಾಡುತ್ತಾರೆ, ಒಂದು ಮಗ್ಗ ನಿಂತರೆ ತಟ್ಟನೆ ಏಳುತ್ತಾರೆ. ಸದ್ದು ನಿಂತಿತೆಂದರೆ ಎಲ್ಲೋ ಎಳೆ ಹರಿದಿದೆ ಎಂದೇ ಅರ್ಥ.

ಒಂದು ಸಂಜೆ ಅಪ್ಪಯ್ಯಣ್ಣ ಎಚ್ಚರವಾದಾಗ ರಾಮಲಿಂಗಯ್ಯ ಅವನ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ.

"ಏನ್ಲಾ ಇದು?"

"ಲೇ ಅಪ್ಪಯ್ಯ, ನಿನ್ ಗೊರಕೆ ನಿಂತಾಗ ನೀನು ಉಸಿರಾಡ್ತಿಲ್ಲ ಕಣೋ. ಎದೆ ಹೊಟ್ಟೆ ಎಲ್ಲಾ ಎಳೀತಾವೆ, ಮೂಗಿನ ಹತ್ರ ಬೆರಳಿಟ್ರೆ ಗಾಳೀನೇ ಇಲ್ಲ. ಮೋಟ್ರು ಓಡ್ತೈತೆ, ಲಾಳಿ ಓಡ್ತಿಲ್ಲ."

"ನನ್ ಹೆಂಡ್ತಿ ಪಿಳ್ಳಮ್ಮ ಮೂವತ್ತು ವರ್ಷದಿಂದ ಕೇಳ್ತವ್ಳೆ, ಅವ್ಳೇನೂ ಹೇಳಿಲ್ಲ."

"ಅವ್ಳು ಸದ್ದು ಬಂದಾಗ ಬೈತಾಳೆ. ನಿಂತಾಗ ಪಾಪ, ಸದ್ಯ ನಿಂತಲ್ಲಾ ಅಂತ ನಿದ್ದೆ ಮಾಡ್ತಾಳೆ. ನಿಂತಾಗ್ಲೇ ಕಣೋ ಏಳ್ಬೇಕಾಗಿರೋದು."

ಅಪ್ಪಯ್ಯಣ್ಣ ಒಪ್ಪಲಿಲ್ಲ. ಆ ದಿನಗಳಲ್ಲಿ ಅವನಿಗೆ ಮರೆವೂ ಇತ್ತು. ಗಾಡಿಯ ಕೀಲಿಯನ್ನು ಗಾಡಿಯಲ್ಲೇ ಬಿಟ್ಟು ಮನೆಯೆಲ್ಲ ಹುಡುಕುತ್ತಿದ್ದ. ಅರಿಶಿನಕುಂಟೆಯಲ್ಲಿ ನೆಂಟರ ಮದುವೆಗೆಂದು ಹೋಗಿ ಪಕ್ಕದ ಛತ್ರದಲ್ಲಿ ಯಾರದೋ ಮದುವೆಯ ಊಟ ಮಾಡಿ, ಮುಯ್ಯಿ ಕೂಡ ಕೊಟ್ಟು ಬಂದಿದ್ದ. ಬೆಂಚಿನ ಮೇಲೆ ಆ ಕತೆ ಆರು ತಿಂಗಳು ಓಡಿತು. ತನಗೆ ಅರಳುಮರಳು ಶುರುವಾಯಿತೆಂದು ಅವನಿಗೆ ಒಳಗೊಳಗೇ ಹೆದರಿಕೆ, ಅದನ್ನು ಯಾರಿಗೂ ಹೇಳಿರಲಿಲ್ಲ. ಕಡೆಗೆ ಯಲಹಂಕದ ಡಾಕ್ಟರ ಹತ್ತಿರ ಅವನನ್ನು ಕೈಹಿಡಿದು ಬಸ್ಸು ಹತ್ತಿಸಿಕೊಂಡು ಹೋದವನು ರಾಮಲಿಂಗಯ್ಯನೇ.

ಡಾಕ್ಟರು ಒಂದು ಸಣ್ಣ ಪೆಟ್ಟಿಗೆ ಕೊಟ್ಟು ಕಳಿಸಿದರು. ಎದೆಗೆ ಒಂದು ಪಟ್ಟಿ, ಮೂಗಿನ ಕೆಳಗೆ ಒಂದು ನಳಿಗೆ, ಬೆರಳಿಗೆ ಒಂದು ಕ್ಲಿಪ್ಪು. ಹಾಕಿಕೊಂಡು ಮನೆಯಲ್ಲೇ ಮಲಗಿ ವಾಪಸು ತಂದುಕೊಟ್ಟರೆ ಉಸಿರಿನ ಲೆಕ್ಕ ಅದರಲ್ಲಿರುತ್ತದೆ. ಗಂಟೆಗೆ ಮೂವತ್ತೆಂಟು ಸಲ ಉಸಿರು ಕಟ್ಟಿತ್ತು. ರಕ್ತದಲ್ಲಿ ಆಮ್ಲಜನಕ ಶೇಕಡಾ ಎಪ್ಪತ್ತೆಂಟಕ್ಕೆ ಇಳಿದಿತ್ತು.

"ನಿದ್ದೇಲಿ ಗಂಟಲಿನ ಮಾಂಸ ಸಡಿಲ ಆಗುತ್ತೆ, ನಾಲಿಗೆ ಹಿಂದಕ್ಕೆ ಬೀಳುತ್ತೆ," ಎಂದು ಡಾಕ್ಟರು ತಮ್ಮ ಗಂಟಲು ಮುಟ್ಟಿ ತೋರಿಸಿದರು. "ದಾರಿ ಕಿರಿದಾದಾಗ ಗೊರಕೆ. ಪೂರಾ ಮುಚ್ಚಿದಾಗ ನಿಶ್ಶಬ್ದ. ಆಗ ಮಿದುಳು ಗಾಬರಿಯಾಗಿ ನಿಮ್ಮನ್ನ ಒಂದು ಕ್ಷಣ ಎಬ್ಬಿಸುತ್ತೆ. ನಿಮಗೆ ಎದ್ದಿದ್ದೇ ಗೊತ್ತಿರಲ್ಲ. ರಾತ್ರಿಯೆಲ್ಲಾ ಹೀಗೇ ಎದ್ದೆದ್ದು ಮಲಗಿದ್ರೆ ಹಗಲೆಲ್ಲಾ ತೂಕಡಿಕೆ, ಮರೆವು ಎಲ್ಲಾ ಬರುತ್ತೆ."

ಮರೆವು ಆ ಕಾರಣಕ್ಕೇ ಹೌದೋ ಅಲ್ಲವೋ ನೋಡಲು ಡಾಕ್ಟರು ಒಂದು ಪರೀಕ್ಷೆಯನ್ನೂ ಮಾಡಿದ್ದರು. ಮೂರು ಪದ ಹೇಳಿದರು: ಬಾಳೆಹಣ್ಣು, ಕುರ್ಚಿ, ಬೀಗ. ಅಪ್ಪಯ್ಯಣ್ಣನ ಬಾಯಲ್ಲೂ ಒಂದು ಸಲ ಹೇಳಿಸಿದರು. ಆಮೇಲೆ ಗಡಿಯಾರದ ಚಿತ್ರ ಬರೆಸಿ, ಹನ್ನೊಂದು ಹತ್ತಕ್ಕೆ ಮುಳ್ಳು ಹಾಕಿಸಿ, ಐದು ನಿಮಿಷ ಕಳೆದ ಮೇಲೆ ಆ ಪದಗಳು ಯಾವುವೆಂದು ಕೇಳಿದರು. ಅವನಿಗೆ ಬಂದದ್ದು ಕುರ್ಚಿ ಒಂದೇ. "ಒಂದು ಹಣ್ಣು," ಎಂದಾಗ ಬಾಳೆಹಣ್ಣು ಬಂತು. "ಬಾಗಿಲಿಗೆ ಹಾಕೋದು," ಎಂದಾಗ ಬೀಗ ಬಂತು.

"ಸುಳಿವು ಕೊಟ್ರೆ ಬರುತ್ತಲ್ಲ, ಒಳ್ಳೇದು," ಎಂದರು ಡಾಕ್ಟರು. "ಸಾಮಾನು ಒಳಗಿದೆ, ತೆಗೆಯೋಕೆ ಕಷ್ಟ ಅಷ್ಟೇ. ಸುಳಿವು ಕೊಟ್ರೂ ಬರ್ಲಿಲ್ಲ ಅಂದ್ರೆ ಸಾಮಾನು ಒಳಗೆ ಹೋಗೇ ಇಲ್ಲ ಅಂತ. ಅದು ಬೇರೆ ಕಾಯಿಲೆ, ಬೇಗ ತೋರಿಸ್ಬೇಕು."

ರಾಮಲಿಂಗಯ್ಯ ಆಗ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಈ ಮಾತು ಅವನ ಕಿವಿಗೆ ಬೀಳಲಿಲ್ಲ.

ಮಿಷನ್ನು ಬಂತು. ಮೂಗಿಗೆ ಮಾಸ್ಕು ಹಾಕಿದರೆ ಒಂದೇ ಸಮನೆ ಗಾಳಿ ಒತ್ತಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಮೊದಲ ವಾರ ಅಪ್ಪಯ್ಯಣ್ಣ ಅದನ್ನು ಕಿತ್ತು ಬಿಸಾಡುತ್ತಿದ್ದ. ಆಮೇಲೆ ಒಗ್ಗಿತು. ಮೂರು ತಿಂಗಳಿಗೆ ಹಗಲಿನ ತೂಕಡಿಕೆ ಹೋಯಿತು, ಕೀಲಿ ಕೈಯಲ್ಲೇ ಉಳಿಯಿತು. ಮತ್ತೆ ಪರೀಕ್ಷೆ ಮಾಡಿದಾಗ, ಬೇರೆ ಮೂರು ಪದಗಳು, ಮೂರೂ ಸುಳಿವಿಲ್ಲದೆ ಬಂದವು.

*

ಮೇಘನ ಬಂದಳು. ಅಳು ಮತ್ತೆ ಹೊಸದಾಗಿ ಎದ್ದು, ಸ್ವಲ್ಪ ಹೊತ್ತಿನ ಮೇಲೆ ಅದೂ ಸುಸ್ತಾಯಿತು. ಹೊರಗೆ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತವರು ರಾಮಲಿಂಗಯ್ಯ ಹೊಡೆದ ಕಾರ್ಡಿನಿಂದ ನೇಯ್ದ ಸೀರೆಗಳ ಮಾತಾಡುತ್ತಿದ್ದರು.

"ನವಿಲಿನ ಅಂಚು ಅಂದ್ರೆ ಅವ್ರದೇ. ಒಂದೂ ತೂತು ತಪ್ಪು ಬೀಳ್ತಿರ್ಲಿಲ್ಲ."

"ಆರು ಸಾವಿರ ಕಾರ್ಡು ಕಣಯ್ಯ ಒಂದ್ ಡಿಸೈನಿಗೆ. ಎಷ್ಟನೇ ಕಾರ್ಡಲ್ಲಿ ಏನೈತೆ ಅಂತ ಬಾಯಲ್ಲೇ ಹೇಳೋರು. ಅಂಥ ತಲೆ."

ಅಪ್ಪಯ್ಯಣ್ಣ ಕೇಳಿಸಿಕೊಳ್ಳುತ್ತ ನಿಂತಿದ್ದ. ಕಾಲು ನೋಯುತ್ತಿತ್ತು. ಕೂತರೆ ಪಕ್ಕದಲ್ಲಿ ಮೇಷ್ಟ್ರು ಕೂರುತ್ತಾರೆ, ಇಬ್ಬರ ನಡುವೆ ರಾಮಲಿಂಗಯ್ಯನ ಜಾಗ ಬಿಟ್ಟೇ ಕೂರುವ ಅಭ್ಯಾಸ ಬಂದುಬಿಟ್ಟಿದೆ. ಅದನ್ನು ನೋಡಲು ಅವನಿಗೆ ಮನಸ್ಸಾಗಲಿಲ್ಲ. ನಿಂತೇ ಇದ್ದ.

*

ಕಳೆದ ಮಾರ್ಚ್ ಹನ್ನೊಂದು, ಬುಧವಾರ. ಹೊಂಗೆ ಮರ ಚಿಗುರಿತ್ತು. ಅಪ್ಪಯ್ಯಣ್ಣ ಹೊಸದಾಗಿ ಪಾಸಾದ ಹುಡುಗನ ಹುಮ್ಮಸ್ಸಿನಲ್ಲಿದ್ದ. ಇಷ್ಟು ವರ್ಷ ತನ್ನನ್ನು ಆಡಿಕೊಂಡವರಿಗೆ ಪರೀಕ್ಷೆ ಕೊಡಬೇಕೆಂದು ಆಸೆ.

"ಬನ್ರೋ, ಈಗ ನಿಮ್ ಸರದಿ. ಮೂರು ಪದ ಹೇಳ್ತೀನಿ. ಬಾಳೆಹಣ್ಣು, ಕುರ್ಚಿ, ಬೀಗ. ಹೇಳಿ."

ಇಬ್ಬರೂ ಹೇಳಿದರು. ಆಮೇಲೆ ಮಾತು ಚನ್ನರಾಯಪಟ್ಟಣದ ಜಮೀನಿನ ಕಡೆಗೆ, ಮೇಷ್ಟ್ರ ಮಂಡಿನೋವಿನ ಕಡೆಗೆ ಹೋಯಿತು. ಐದಾರು ನಿಮಿಷ ಬಿಟ್ಟು ಅಪ್ಪಯ್ಯಣ್ಣ ಕೇಳಿದ.

ಮೇಷ್ಟ್ರು ಎರಡು ಹೇಳಿ ತಡವರಿಸಿದರು. "ಮೂರನೇದು... ತಡೀರಿ, ಬರ್ತಿದೆ..."

"ಹೇಳ್ಬೇಡಿ, ಹೇಳ್ಬೇಡಿ. ನೀನ್ ಹೇಳೋ ಲಿಂಗ."

"ಏನು?"

"ಮೂರು ಪದ."

"ಯಾವ ಮೂರು ಪದ?"

ಮೇಷ್ಟ್ರು ಹೋ ಎಂದು ನಕ್ಕರು. ರಾಮಲಿಂಗಯ್ಯನೂ ನಕ್ಕ, ಆದರೆ ನಗುವಾಗ ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದ, ಯಾವುದಕ್ಕೆ ನಗುತ್ತಿದ್ದೇವೆ ಎಂದು ಹುಡುಕುವವನ ಹಾಗೆ.

"ಒಂದು ಹಣ್ಣು ಕಣೋ," ಎಂದ ಅಪ್ಪಯ್ಯಣ್ಣ. ದನಿ ತಾನಾಗಿ ತಗ್ಗಿತ್ತು.

"ಮಾವಿನಹಣ್ಣಾ?"

"ಕೂತ್ಕೊಳ್ಳೋದು."

"ಬೆಂಚು?"

"ಬಾಗಿಲಿಗೆ ಹಾಕೋದು."

ರಾಮಲಿಂಗಯ್ಯ ಸುಮ್ಮನೆ ಅವನನ್ನು ನೋಡಿದ. ಆ ಕಣ್ಣುಗಳಲ್ಲಿದ್ದ ಹೆದರಿಕೆ ಅಪ್ಪಯ್ಯಣ್ಣನಿಗೆ ಗೊತ್ತಿದ್ದ ಹೆದರಿಕೆಯೇ. ಆದರೆ ತನಗೆ ಸುಳಿವು ಸಾಕಾಗಿತ್ತು. ಇವನಿಗೆ ಸಾಮಾನು ಒಳಗೇ ಹೋಗಿರಲಿಲ್ಲ.

"ನೋಡ್ದಾ, ಕೇಳೋ ನಂಗೇ ಮರ್ತೋಯ್ತು," ಎಂದುಬಿಟ್ಟ ಅಪ್ಪಯ್ಯಣ್ಣ. "ಬಾಳೆಹಣ್ಣು, ಕುರ್ಚಿ... ಥೂ, ಮೂರನೇದು ನಂಗೂ ಹೋಯ್ತು ಕಣೋ. ಆ ಡಾಕ್ಟ್ರು ಸುಮ್ನೆ ಪಾಸ್ ಮಾಡವ್ನೆ ನನ್ನ."

ಮೇಷ್ಟ್ರು ಇನ್ನೂ ಜೋರಾಗಿ ನಕ್ಕರು. ರಾಮಲಿಂಗಯ್ಯನ ಭುಜ ಸಡಿಲವಾಯಿತು. "ಮಿಷನ್ನು ವಾಪಸ್ ಕೊಟ್ಬಿಡೋ ಅಪ್ಪಯ್ಯ," ಎಂದ. ಜೇಬಿನಿಂದ ಒಂದು ರಟ್ಟಿನ ತುಂಡು, ಪೆನ್ಸಿಲು ತೆಗೆದು ಏನೋ ಬರೆದುಕೊಂಡ. ಮೊದಲಿನಿಂದಲೂ ಅವನ ಜೇಬಿನಲ್ಲಿ ಹಳೆಯ ಕಾರ್ಡಿನ ತುಂಡು ಇರುತ್ತಿತ್ತು. ಯಾರೂ ಗಮನಿಸಲಿಲ್ಲ.

ಅಲ್ಲಿಂದ ಶುರುವಾಯಿತು. ರಾಮಲಿಂಗಯ್ಯ ಒಂದೇ ಮಾತನ್ನು ಎರಡು ಸಲ ಕೇಳಿದರೆ ಅಪ್ಪಯ್ಯಣ್ಣ ಮೂರು ಸಲ ಕೇಳುತ್ತಿದ್ದ. ರಾಮಲಿಂಗಯ್ಯ ಚಪ್ಪಲಿ ಬಿಟ್ಟು ಹೊರಟರೆ ಅಪ್ಪಯ್ಯಣ್ಣ ತನ್ನದನ್ನೂ ಬಿಟ್ಟು ಹೊರಟು, ಗೇಟಿನ ಹತ್ತಿರ ಹಣೆ ಚಚ್ಚಿಕೊಂಡು ಇಬ್ಬರದನ್ನೂ ತರಲು ವಾಪಸು ಬರುತ್ತಿದ್ದ. ಒಂದು ಭಾನುವಾರ ಬೈಕಿನ ಹುಡುಗರು ಮಾಕಳಿದುರ್ಗಕ್ಕೆ ದಾರಿ ಕೇಳಿದರು. ಆ ಬೆಟ್ಟದ ಬುಡದಲ್ಲಿ ಹುಟ್ಟಿದ ರಾಮಲಿಂಗಯ್ಯ ಕೈ ಎತ್ತಿ, ಎತ್ತಿದ ಕೈಯನ್ನು ಎಲ್ಲಿ ತೋರಿಸುವುದೆಂದು ತಿಳಿಯದೆ ನಿಂತ. "ನಂಗೂ ಗೊತ್ತಾಗ್ತಿಲ್ಲ ಗುರು, ಮೇಷ್ಟ್ರನ್ನ ಕೇಳು," ಎಂದ ಅಪ್ಪಯ್ಯಣ್ಣ. ಆ ದಾರಿಯ ಒಂದೊಂದು ಕಂಬವನ್ನೂ ಹತ್ತಿದ್ದವನು. ಅವತ್ತು ಮೇಷ್ಟ್ರು ನಗಲಿಲ್ಲ, ಕನಿಕರದಿಂದ ಅಪ್ಪಯ್ಯಣ್ಣನ ಬೆನ್ನು ಸವರಿದರು. ಅದೇ ಅವನಿಗೆ ಹೆಚ್ಚು ಕಷ್ಟವಾಯಿತು.

ರಾಜೇಂದ್ರನಿಗೆ ಹೇಳಬೇಕೆಂದು ಎಷ್ಟೋ ಸಲ ಹೊರಟಿದ್ದ. ಹೇಳಿದ ದಿನವೇ ರಾಮಲಿಂಗಯ್ಯನ ಓಡಾಟ ನಿಲ್ಲುತ್ತದೆ ಎಂದು ಗೊತ್ತಿತ್ತು. ಒಬ್ಬನೇ ಹೊರಗೆ ಕಳಿಸುವುದಿಲ್ಲ, ಬೆಂಚು ತಪ್ಪುತ್ತದೆ, ನಾಲ್ಕು ಮಗ್ಗಗಳ ನಡುವೆ ಕೂರಿಸಿಬಿಡುತ್ತಾರೆ. ಗೌರಿಹಬ್ಬ ಕಳೆಯಲಿ ಎಂದ. ದೀಪಾವಳಿ ಕಳೆಯಲಿ ಎಂದ. ಮಾತ್ರೆಯ ಯೋಚನೆ ಅವನಿಗೆ ಒಂದು ದಿನವೂ ಬರಲಿಲ್ಲ. ಎಲ್ಲ ನೆನಪಿಟ್ಟುಕೊಂಡವನಿಗೆ ಅದೊಂದು ಹೊಳೆಯಲಿಲ್ಲ.

*

ಚಟ್ಟ ಸಿದ್ಧವಾಗಿತ್ತು. ಸ್ನಾನ ಮಾಡಿಸಿ, ಹೊಸ ಪಂಚೆ ಉಡಿಸಿ ಆಗಿತ್ತು. ರುಕ್ಮಿಣಮ್ಮ ಗೋಡೆಯ ಮೊಳೆಯಿಂದ ಗಂಡನ ಹಳೆಯ ಅಂಗಿ ತೆಗೆದು, ಜೇಬಿಗೆ ಕೈಹಾಕಿ, ರಬ್ಬರ್ ಬ್ಯಾಂಡು ಸುತ್ತಿದ್ದ ಕಾರ್ಡಿನ ತುಂಡುಗಳ ಕಟ್ಟೊಂದನ್ನು ಹೊರಗೆ ಎಳೆದಳು.

"ಅಣ್ಣಾ," ಎಂದಳು ಅಪ್ಪಯ್ಯಣ್ಣನಿಗೆ. "ಯಾವಾಗ್ಲೂ ಇದ್ರಲ್ಲೇ ಏನೋ ಬರ್ಕೋತಿದ್ರು. ನಂಗೆ ಕಣ್ಣಿಗೆ ಪೊರೆ, ಕಾಣಲ್ಲ. ಡಿಸೈನ್ ಲೆಕ್ಕ ಅಂದ್ಕೊಂಡಿದ್ದೆ. ಒಂದ್ಸಲ ಓದಣ್ಣ. ಏನೈತೆ ಅಂತ ಕೇಳಿಸ್ಕೋತೀನಿ. ಆಮೇಲೆ ಎತ್ಲಿ."

ಮೇಷ್ಟ್ರು ಹತ್ತಿರ ಬಂದರು. ರಾಜೇಂದ್ರ ಬಾಗಿಲಲ್ಲಿ ನಿಂತ. ಅಪ್ಪಯ್ಯಣ್ಣ ಕನ್ನಡಕ ಏರಿಸಿಕೊಂಡು ರಬ್ಬರ್ ಬ್ಯಾಂಡು ತೆಗೆದ. ತೂತುಗಳ ನಡುವಿನ ಜಾಗದಲ್ಲಿ ಸಣ್ಣ, ದುಂಡು ಅಕ್ಷರ.

"'ರುಕ್ಮಿಣಿಗೆ ಹಲ್ಲುಪುಡಿ ತರಬೇಕು.'"

"ತಂದಿದ್ರು," ಎಂದಳು ರುಕ್ಮಿಣಮ್ಮ. "ನಾಕು ಸಲ ತಂದಿದ್ರು."

"'ಕಾಫಿ ಕುಡಿದಾಯಿತು. ಮತ್ತೆ ಕೇಳಬೇಡ.' 'ಪಾರ್ಕು: ಗುಡಿಯ ಎಡಕ್ಕೆ, ಟೀ ಅಂಗಡಿ ದಾಟಿ.' 'ಮೇಘನ ಹೊಸಕೋಟೆ. ಮಗು ಹೆಣ್ಣು.'"

ಮೇಘನ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪಯ್ಯಣ್ಣ ಮುಂದಿನ ಕಾರ್ಡು ತಿರುಗಿಸಿ, ಮನಸ್ಸಿನಲ್ಲೇ ಓದಿ, ನಿಂತುಬಿಟ್ಟ.

"ಏನ್ ಬರ್ದವ್ರೆ ಅಣ್ಣಾ?"

ಕಾಣಿಸುತ್ತಿಲ್ಲ ಎನ್ನಬಹುದಿತ್ತು. ಅಕ್ಷರ ಅಳಿಸಿದೆ ಎನ್ನಬಹುದಿತ್ತು. ಮೇಷ್ಟ್ರು ಆಗಲೇ ಅವನ ಪರವಾಗಿ ಏನೋ ಹೇಳಲು ಬಾಯಿ ತೆರೆದಿದ್ದರು. ಅಪ್ಪಯ್ಯಣ್ಣನಿಗೆ ಸುಳ್ಳು ಹೇಳಿ ಹೇಳಿ ಸಾಕಾಗಿತ್ತು.

"'ಅಪ್ಪಯ್ಯನ ಮರೆವು ವಾಸಿಯಾಗಿದೆ,'" ಎಂದು ಓದಿದ. "'ನನಗೋಸ್ಕರ ಮರೆತ ಹಾಗೆ ಆಡುತ್ತಾನೆ. ನನಗೆ ಗೊತ್ತೆಂದು ತೋರಿಸಬಾರದು. ಬೇಜಾರು ಮಾಡಿಕೊಳ್ಳುತ್ತಾನೆ.'"

ಆ ಬೀದಿಯಲ್ಲಿ ಅವತ್ತು ಮೊದಲ ಸಲ ಯಾರೂ ಕೂಗಿ ಮಾತಾಡಲಿಲ್ಲ.

ಇನ್ನೊಂದು ಕಾರ್ಡಿನಲ್ಲಿ 'ರಾಜನಿಗೆ ಹೇಳಬೇಕು' ಎಂದು ಬರೆದು ಹೊಡೆದುಹಾಕಿತ್ತು. ಕೆಳಗೆ ಮತ್ತೆ ಬರೆದಿತ್ತು. ಅಪ್ಪಯ್ಯಣ್ಣ ಅದನ್ನೂ ಓದಿದ. "'ನನಗೆ ಬಾಯಿ ಬರುತ್ತಿಲ್ಲ. ಅಪ್ಪಯ್ಯ ಹೇಳುತ್ತಾನೆ.'"

ಕೈಯಿಂದ ಜಾರಿ ಕಾರ್ಡುಗಳು ನೆಲಕ್ಕೆ ಬಿದ್ದವು. ಮೇಷ್ಟ್ರು ಬಗ್ಗಿ ಒಂದೊಂದಾಗಿ ಆಯ್ದುಕೊಂಡರು.

"ಯಾವಾಗಿಂದ ಮಾಮ?" ರಾಜೇಂದ್ರನ ದನಿಯಲ್ಲಿ ಸಿಟ್ಟಿಗೂ ಶಕ್ತಿ ಉಳಿದಿರಲಿಲ್ಲ.

"ಮಾರ್ಚ್ ಹನ್ನೊಂದು. ಬುಧವಾರ. ಸಂಜೆ ಐದೂಮುಕ್ಕಾಲು." ಅಪ್ಪಯ್ಯಣ್ಣ ನೆಲ ನೋಡುತ್ತಾ ಹೇಳಿದ. "ನಂಗೆಲ್ಲಾ ನೆನಪೈತೆ ಕಣಪ್ಪ. ಬೆಳಿಗ್ಗೆ ಸುಳ್ಳು ಹೇಳ್ದೆ. ಹೇಳ್ಬಿಟ್ರೆ ನೀನು ಅವ್ನನ್ನ ಪಾರ್ಕಿಗೆ ಕಳ್ಸಲ್ಲ ಅಂತ ಹೆದ್ರಿಕೊಂಡೆ. ಅವ್ನಿಗೋಸ್ಕರ ಅಂದ್ಕೊಂಡೆ. ನಂಗೋಸ್ಕರಾನೂ ಇತ್ತೇನೋ. ಅವ್ನಿಲ್ದೆ ಆ ಬೆಂಚಲ್ಲಿ ನಾನೇನ್ ಮಾಡ್ಲಿ."

"ಒಂಬತ್ತು ತಿಂಗ್ಳು," ಎಂದ ರಾಜೇಂದ್ರ. "ಹೇಳಿದ್ರೆ ಮಾತ್ರೇನ ನಾನೇ ನುಂಗಿಸ್ತಿದ್ದೆ ಮಾಮ. ಅಷ್ಟೇ ಸಾಕಾಗಿತ್ತು."

ಅಪ್ಪಯ್ಯಣ್ಣ ಹೌದೆಂದು ತಲೆಯಾಡಿಸಿದ. ರುಕ್ಮಿಣಮ್ಮ ಮಾತ್ರ ಗಂಡನ ಅಂಗಿಯನ್ನು ಮಡಚಿ ಮಡಚಿ ಚಿಕ್ಕದು ಮಾಡುತ್ತಾ, "ಸಂಜೆ ಪಾರ್ಕಿಂದ ಬಂದಾಗ ನಗ್ತಾ ಬರೋರು," ಎಂದಳು. ಯಾರನ್ನು ಕ್ಷಮಿಸುವುದಕ್ಕೂ ಹೇಳಿದ್ದಲ್ಲ. ನೋಡಿದ್ದನ್ನು ಹೇಳಿದಳು, ಅಷ್ಟೇ.

ಎತ್ತಿದರು. ತಮಟೆ ಮುಂದೆ ಹೋಯಿತು. ಅಪ್ಪಯ್ಯಣ್ಣ ಹೆಗಲು ಕೊಡಲು ಹೋಗಲಿಲ್ಲ, ಯಾರೂ ಕರೆಯಲೂ ಇಲ್ಲ. ಹಿಂದೆ ಹಿಂದೆ ನಡೆದ. ಪಾರ್ಕಿನ ಗೇಟು ದಾಟುವಾಗ ಮೇಷ್ಟ್ರು ಅವನ ಪಕ್ಕಕ್ಕೆ ಬಂದರು.

"ನನಗಾದ್ರೂ ಹೇಳಬಹುದಿತ್ತು. ನಿಮ್ಮನ್ನ ನೋಡಿ ನಾನೆಷ್ಟು ಸಂಕಟಪಟ್ಟಿದೀನಿ."

"ನೀವು ನಗೋದ್ ನಿಲ್ಲಿಸ್ಬಿಡ್ತಿದ್ರಿ ಮೇಷ್ಟ್ರೇ. ಆಗ ಅವ್ನಿಗೆ ಗೊತ್ತಾಗ್ಬಿಡ್ತಿತ್ತು."

ಮೇಷ್ಟ್ರು ಜೇಬಿನಿಂದ ಒಂದು ಕಾರ್ಡಿನ ತುಂಡು ತೆಗೆದು ಕೊಟ್ಟರು. "ಬಿದ್ದಾಗ ಇದೊಂದು ಮಂಚದ ಕೆಳಗೆ ಹೋಗಿತ್ತು. ಅಲ್ಲಿ ಕೊಡೋಕೆ ಮನಸ್ಸಾಗಲಿಲ್ಲ."

ಅಂಚು ಜೇಬಿನಲ್ಲಿ ಉಜ್ಜಿ ಉಜ್ಜಿ ಸವೆದಿತ್ತು. ಅಪ್ಪಯ್ಯಣ್ಣ ನಡೆಯುತ್ತಲೇ ಓದಿದ. ಮಡಚಿ ಮುಷ್ಟಿಯಲ್ಲಿಟ್ಟುಕೊಂಡ.

ಗುಂಡಿಯ ಹತ್ತಿರ ಮೊದಲು ರಾಜೇಂದ್ರ ಮೂರು ಹಿಡಿ ಮಣ್ಣು ಹಾಕಿದ. ಆಮೇಲೆ ನೆಂಟರು, ಬೀದಿಯವರು, ಮೇಷ್ಟ್ರು. ಎಲ್ಲರದೂ ಆದ ಮೇಲೆ ಗುದ್ದಲಿಯವರು ಮುಂದೆ ಬಂದರು. ರಾಜೇಂದ್ರ ಕೈ ಅಡ್ಡ ಹಿಡಿದು ಅವರನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿದ. ಅವನ ಮುಖ ಬಿಗಿದೇ ಇತ್ತು.

"ಬನ್ನಿ ಮಾಮ. ನೀವು ಹಾಕಿಲ್ಲ."

ಅಪ್ಪಯ್ಯಣ್ಣ ಅಂಚಿಗೆ ಬಂದು ಮಂಡಿಯೂರಿದ. ಕೆಳಗೆ ಬಿಳಿ ಬಟ್ಟೆಯ ಪಟ್ಟಿ ಕಟ್ಟಿದ ಮುಖ ಇನ್ನೂ ಅರ್ಧ ಕಾಣುತ್ತಿತ್ತು. ಮುಷ್ಟಿ ಬಿಚ್ಚಿ ಕಾರ್ಡನ್ನು ಒಂದು ಸಲ ನೋಡಿದ. ಪೆನ್ಸಿಲಿನಲ್ಲಿ ಹೀಗಿತ್ತು: 'ಬಾಳೆಹಣ್ಣು. ಕುರ್ಚಿ. ಮೂರನೆಯದು ಅಪ್ಪಯ್ಯನಿಗೆ ಗೊತ್ತು. ಕೇಳಬೇಕು.'

ಕಾರ್ಡನ್ನು ಜೇಬಿಗೆ ಹಾಕಿ, ಮಣ್ಣು ತೆಗೆದುಕೊಂಡು ಬ್ಯಾಲೆನ್ಸು ತಪ್ಪದಂತೆ ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈಯಿಂದ ಕೆಳಗೆ ಬಿಟ್ಟ.

"ಬೀಗ," ಎಂದ.

ತಮಟೆಯ ಸದ್ದಿಗೆ ಅವನಿಗೇ ಅದು ಕೇಳಿಸಲಿಲ್ಲ. ಗುಂಡಿಯೊಳಗೆ ಇನ್ನಷ್ಟು ಬಗ್ಗಿ, ಮಗ್ಗದ ಮನೆಯಲ್ಲಿ ಕೂಗುವ ಹಾಗೆ ಗಟ್ಟಿಯಾಗಿ ಇನ್ನೊಂದು ಸಲ ಹೇಳಿದ.

"ಬೀಗ ಕಣೋ ಲಿಂಗ. ಬೀಗ."